ಮಾರ್ಚ್ 31ಕ್ಕೆ ಬೋನಸ್ ಮತ್ತು ರಜೆ ದುಡ್ಡಿನ ಪ್ರಾವಿಷನ್: ಒಂದು ಚಿಕ್ಕ ಫರ್ಮ್‌ನ ಲೆಕ್ಕ ಹಿಡ್ಕೊಂಡು ಹಂತ ಹಂತವಾಗಿ

ಚಿಕ್ಕ ಫರ್ಮ್‌ಗಳ ಲೆಕ್ಕ ಬರೀತಾ ಬಂದವಳು ನಾನು, ಹೆಚ್ಚಿನವು ಮೆಷಿನ್ ಶಾಪ್‌ಗಳು. ಪ್ರತಿ ವರ್ಷ ನೋಡೋದು ಒಂದೇ ತಪ್ಪು. ಬೋನಸ್ ಅನ್ನೋದು ದೀಪಾವಳಿಗೆ ಕೊಡೋ ದುಡ್ಡು, ಹಾಗಾಗಿ ಅಕ್ಟೋಬರ್ ಖರ್ಚು ಅಂತ ಎಲ್ಲರ ತಲೇಲೂ ಕೂತುಬಿಟ್ಟಿದೆ. ರಜೆ ದುಡ್ಡು ಅಂದ್ರೆ ಯಾರಾದ್ರೂ ಕೆಲಸ ಬಿಟ್ಟು ಹೋಗುವಾಗ ಕೊಡೋದು, ಅದು ಬಂದಾಗ ನೋಡ್ಕೊಳ್ಳೋಣ ಅಂತಾರೆ. ಎರಡೂ ತಪ್ಪು. ಈ ಅಕ್ಟೋಬರ್‌ನಲ್ಲಿ ಕೊಡೋ ಬೋನಸ್ ಹೋದ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಮಾಡಿದ ಕೆಲಸಕ್ಕೆ, ಉಳಿದಿರೋ ರಜೆನೂ ಅಷ್ಟೇ, ಆಗಲೇ ದುಡಿದು ಸಂಪಾದಿಸಿದ್ದು. ಕೆಲಸ ಯಾವ ವರ್ಷ ಆಯ್ತೋ ಖರ್ಚು ಆ ವರ್ಷದ ಪುಸ್ತಕಕ್ಕೆ ಹೋಗಬೇಕು, ದುಡ್ಡು ಯಾವಾಗ ಕೈಬಿಟ್ಟಿತು ಅನ್ನೋದು ಬೇರೆ ಮಾತು.

ಒಂದು ಉದಾಹರಣೆ ಇಟ್ಕೊಂಡು ಪೂರ್ತಿ ಮಾಡೋಣ. ಪೀಣ್ಯದ ಕಡೆ ಒಂದು ಮೆಷಿನ್ ಶಾಪ್, ಪಾರ್ಟ್‌ನರ್‌ಶಿಪ್ ಫರ್ಮ್, ಟ್ಯಾಕ್ಸ್ ಆಡಿಟ್ ಇದೆ, ಶುರುವಾಗಿ ಹತ್ತು ವರ್ಷದ ಮೇಲಾಗಿದೆ ಅಂದ್ಕೊಳ್ಳಿ. ಲೆಕ್ಕ 2025 ಮಾರ್ಚ್ 31ಕ್ಕೆ ಮುಗಿದ ವರ್ಷದ್ದು. ಆ ವರ್ಷ ಒಟ್ಟು 22 ಜನ ಕೆಲಸ ಮಾಡಿದ್ದಾರೆ, ಒಬ್ಬರು ಜೂನ್ 30ಕ್ಕೆ ಬಿಟ್ಟು ಹೋದ್ರು, ಒಬ್ಬರು ಅಕ್ಟೋಬರ್ 1ಕ್ಕೆ ಸೇರಿದ್ರು, ವರ್ಷದ ಕೊನೇಲಿ ಇರೋರು 21. ಸಂಬಳದಲ್ಲಿ ಬೇಸಿಕ್ ಮತ್ತು ಡಿಎ ಮಾತ್ರ ಇದೆ, ಬೇರೆ ಅಲೋವೆನ್ಸ್ ಇಲ್ಲ. ಅದರಿಂದ ನಮ್ಮ ಲೆಕ್ಕ ಸ್ವಲ್ಪ ಸುಲಭ, ಅಲೋವೆನ್ಸ್ ಇರೋರ ಕಥೆ ಕೊನೇಲಿ ಹೇಳ್ತೀನಿ.

ಮೊದಲು ಹೆಸರಿನ ಪಟ್ಟಿ

ಲೆಡ್ಜರ್ ತೆಗೆಯೋ ಮುಂಚೆ ಸ್ಯಾಲರಿ ರಿಜಿಸ್ಟರ್ ಮತ್ತು ಹಾಜರಿ ಪುಸ್ತಕ ಮುಂದೆ ಇಟ್ಕೊಳ್ಳಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದು ತಿಂಗಳಾದ್ರೂ ಸಂಬಳ ತಗೊಂಡವರ ಹೆಸರೆಲ್ಲ ಬರೀರಿ, ಮಾರ್ಚ್ 31ಕ್ಕೆ ಇರೋರದ್ದು ಮಾತ್ರ ಅಲ್ಲ. ಮಾರ್ಚ್ ತಿಂಗಳ ಸಂಬಳದ ಶೀಟ್ ತಗೊಂಡು ಅದರಲ್ಲಿ ಇರೋರಿಗೆಲ್ಲ 8.33 ಪರ್ಸೆಂಟ್ ಹಾಕಿ ಮುಗಿಸೋರೇ ಜಾಸ್ತಿ, ಹಾಗೆ ಮಾಡಿದಾಗ ಮಧ್ಯದಲ್ಲಿ ಬಿಟ್ಟು ಹೋದವರು ಸದ್ದಿಲ್ಲದೆ ಬಿದ್ದು ಹೋಗ್ತಾರೆ. ಬೋನಸ್ ಕಾಯ್ದೆ ಪ್ರಕಾರ ವರ್ಷದಲ್ಲಿ 30 ಕೆಲಸದ ದಿನ ದುಡಿದಿದ್ರೆ ಸಾಕು, ಆಮೇಲೆ ಬಿಟ್ಟು ಹೋಗಿದ್ರೂ ಬೋನಸ್ ಬರಬೇಕು. ಜೂನ್‌ನಲ್ಲಿ ಹೋದ ನಮ್ಮ ಹುಡುಗ ಮೂರು ತಿಂಗಳು ದುಡಿದಿದ್ದಾನೆ, ಅವನ ಹೆಸರು ಪಟ್ಟಿಯಲ್ಲಿ ಇರಲೇಬೇಕು.

ಪಾರ್ಟ್‌ನರ್‌ಗಳ ಹೆಸರು ಇದರಲ್ಲಿ ಬರಲ್ಲ, ಅವರು ನೌಕರರಲ್ಲ. ಅವರು ತಗೊಳ್ಳೋ ಸಂಬಳಕ್ಕೆ ಬೇರೆ ನಿಯಮ.

ಈಗ ಹೆಸರುಗಳ ಮುಂದೆ ತಿಂಗಳ ಬೇಸಿಕ್ ಮತ್ತು ಡಿಎ ಬರೆದು ಎರಡು ಗುಂಪು ಮಾಡಿ. ಈ ವರ್ಷಕ್ಕೆ ಅನ್ವಯ ಆಗೋ 1965ರ ಬೋನಸ್ ಕಾಯ್ದೆ ಎಲ್ಲ ಫ್ಯಾಕ್ಟರಿಗಳಿಗೆ ಮತ್ತು 20 ಅಥವಾ ಹೆಚ್ಚು ಜನ ಇರೋ ಬೇರೆ ಕಡೆ ಲಾಗು, ಮತ್ತು ತಿಂಗಳಿಗೆ 21,000ದವರೆಗೆ ಇರೋರು ಅರ್ಹರು. ಈ 21,000 ನೋಡಬೇಕಾಗಿದ್ದು ಬೇಸಿಕ್ ಮತ್ತು ಡಿಎ ಮೇಲೆ, ಗ್ರಾಸ್ ಮೇಲೆ ಅಲ್ಲ. ಗ್ರಾಸ್ 26,000 ಇದೆ ಇವರಿಗೆ ಬೋನಸ್ ಇಲ್ಲ ಅಂತ ತೆಗೆದು ಹಾಕಿದ್ದನ್ನ ನೋಡಿದ್ದೀನಿ, ಬೇಸಿಕ್ ನೋಡಿದ್ರೆ 17,000 ಇತ್ತು. ನಮ್ಮ ಫರ್ಮ್‌ನಲ್ಲಿ ನಾಲ್ಕು ಜನ 21,000ದ ಮೇಲೆ, ಉಳಿದ 18 ಜನ ಅರ್ಹರು.

ಬೋನಸ್ ಲೆಕ್ಕ, 7,000ದ ಮೇಲೋ ಇನ್ನೊಂದರ ಮೇಲೋ

ಇಲ್ಲೇ ದೊಡ್ಡ ಎಡವಟ್ಟು ಆಗೋದು. ಸಂಬಳ ಎಷ್ಟೇ ಇರಲಿ ಬೋನಸ್ 7,000ದ ಮೇಲೆ ಲೆಕ್ಕ ಅಂತ ತುಂಬಾ ಜನ ನಂಬ್ಕೊಂಡಿದ್ದಾರೆ. ಕಾನೂನಿನಲ್ಲಿ ಇರೋದು 7,000 ಅಥವಾ ಆ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಜಾಸ್ತಿನೋ ಅದು. 2015ರ ತಿದ್ದುಪಡಿಯಲ್ಲಿ ಈ ಎರಡನೇ ಭಾಗ ಸೇರಿಸಿದ್ದು. ಕರ್ನಾಟಕದಲ್ಲಿ ಕನಿಷ್ಠ ವೇತನ 7,000ಕ್ಕಿಂತ ಎಷ್ಟೋ ಮೇಲಿದೆ, ಹಾಗಾಗಿ ನಮ್ಮ ಕಡೆ 7,000 ಅನ್ನೋ ನಂಬರ್ ಹೆಚ್ಚುಕಡಿಮೆ ಬರೀ ಕಾಗದದ ಮೇಲಿದೆ ಅಷ್ಟೇ.

ನಿಮ್ಮ ಇಂಡಸ್ಟ್ರಿಗೆ ಆ ವರ್ಷದ ನೋಟಿಫಿಕೇಷನ್ ತೆಗೆದು, ನಿಮ್ಮ ಝೋನ್, ಸ್ಕಿಲ್ಡ್ ಸೆಮಿಸ್ಕಿಲ್ಡ್ ಯಾವುದು ಅಂತ ನೋಡಿ ನಂಬರ್ ತಗೊಳ್ಳಿ, ಡಿಎ ಪ್ರತಿ ಏಪ್ರಿಲ್ ಬದಲಾಗತ್ತೆ ಅನ್ನೋದು ನೆನಪಿರಲಿ. ಸಲೀಸಾಗಲಿ ಅಂತ ನಮ್ಮ ಉದಾಹರಣೆಗೆ ಎಲ್ಲರಿಗೂ ತಿಂಗಳಿಗೆ 14,000 ಅಂತ ಹಿಡಿಯೋಣ, ಇದು ಲೆಕ್ಕ ತೋರಿಸೋಕೆ ನಾನು ಇಟ್ಟ ಅಂಕಿ. 18 ಜನರ ಸಂಬಳನೂ ಇದಕ್ಕಿಂತ ಮೇಲೇ ಇದೆ, ಹಾಗಾಗಿ ಎಲ್ಲರಿಗೂ 14,000ದ ಮೇಲೆ ಲೆಕ್ಕ.

ವರ್ಷ ಪೂರ್ತಿ ದುಡಿದ ಒಬ್ಬರಿಗೆ 14,000 ಇಂಟು 12, ಅಂದ್ರೆ 1,68,000, ಅದರ 8.33 ಪರ್ಸೆಂಟ್ 13,994 ರೂಪಾಯಿ. ಇಂಥವರು 16 ಜನ, 2,23,904. ಅಕ್ಟೋಬರ್‌ನಲ್ಲಿ ಸೇರಿದವರಿಗೆ ಆರು ತಿಂಗಳದ್ದು 6,997. ಜೂನ್‌ನಲ್ಲಿ ಹೋದವನಿಗೆ ಮೂರು ತಿಂಗಳದ್ದು 3,499. ಒಟ್ಟು 2,34,400. ಇದನ್ನೇ 7,000ದ ಮೇಲೆ ಮಾಡಿದ್ರೆ ಸರಿಯಾಗಿ ಅರ್ಧ, 1,17,200 ಬರ್ತಿತ್ತು, ಉಳಿದ ಅರ್ಧ ಮುಂದಿನ ವರ್ಷದ ಲಾಭ ತಿನ್ನುತ್ತೆ, ಇಲ್ಲಾ ಲೇಬರ್ ಇನ್‌ಸ್ಪೆಕ್ಟರ್ ಬಂದಾಗ ಹೊರಗೆ ಬರತ್ತೆ.

ಸಂಬಳ ಇಲ್ಲದ ರಜೆ ಹಾಕಿದ ದಿನಗಳಿದ್ರೆ ಆ ತಿಂಗಳ ಅಂಕಿ ಅಷ್ಟಕ್ಕೆ ಇಳಿಸಿ. ಆದ್ರೆ ಸಂಬಳ ಸಮೇತ ತಗೊಂಡ ರಜೆ, ಹೆರಿಗೆ ರಜೆ, ಕೆಲಸದಲ್ಲಿ ಪೆಟ್ಟಾಗಿ ಮನೇಲಿದ್ದ ದಿನ, ಇವೆಲ್ಲ ದುಡಿದ ದಿನ ಅಂತಲೇ ಲೆಕ್ಕ, ಅದನ್ನ ಕತ್ತರಿಸಬೇಡಿ.

8.33 ಅನ್ನೋದು ಕನಿಷ್ಠ, ನಷ್ಟ ಆದ್ರೂ ಕೊಡಬೇಕು. ಹೊಸ ಫರ್ಮ್‌ಗೆ ಮಾತ್ರ ಮೊದಲ ಐದು ವರ್ಷ ಲಾಭ ಬಂದ ವರ್ಷಕ್ಕಷ್ಟೇ ಅನ್ನೋ ವಿನಾಯಿತಿ ಇದೆ. ಲಾಭ ಚೆನ್ನಾಗಿದ್ರೆ ಹಂಚಬಹುದಾದ ಮೊತ್ತ ಲೆಕ್ಕ ಹಾಕಿ 20 ಪರ್ಸೆಂಟ್‌ವರೆಗೆ ಹೋಗತ್ತೆ. ಹಾಗಿದ್ರೆ ಮಾರ್ಚ್ 31ಕ್ಕೆ 8.33 ಹಾಕಿ ಸುಮ್ಮನಾಗಬೇಡಿ, ಬೋನಸ್ ಹಾಕೋ ಮುಂಚಿನ ಲಾಭದ ಮೇಲೆ ಆ ಲೆಕ್ಕ ಮಾಡಿ ಬಂದ ಪರ್ಸೆಂಟ್‌ನಲ್ಲೇ ಪ್ರಾವಿಷನ್ ಹಾಕಿ. ನಮ್ಮ ಫರ್ಮ್‌ಗೆ ಆ ವರ್ಷ ಕನಿಷ್ಠವೇ ಬಂತು ಅಂದ್ಕೊಳ್ಳಿ.

ಇನ್ನು 21,000ದ ಮೇಲಿನ ನಾಲ್ಕು ಜನ. ಕಾಯ್ದೆ ಪ್ರಕಾರ ಅವರಿಗೆ ಕೊಡಬೇಕಿಲ್ಲ, ಆದ್ರೆ ಓನರ್ ಪ್ರತಿ ವರ್ಷ ತಲಾ 15,000 ಕೊಡ್ತಾ ಬಂದಿದ್ದಾರೆ. ಕೇಳಿದ್ರೆ ಅದು ನಮ್ಮ ಇಷ್ಟ, ಬೋನಸ್ ಅಲ್ಲ ಅಂತಾರೆ. ಅಕೌಂಟಿಂಗ್ ಸ್ಟ್ಯಾಂಡರ್ಡ್ 15 ನೋಡೋದು ಬೇರೆ ಥರ, ವರ್ಷ ವರ್ಷ ಕೊಟ್ಟು ಕೊಟ್ಟು ಈಗ ಕೊಡದೆ ಇರೋಕೆ ಆಗದ ಸ್ಥಿತಿ ಬಂದಿದ್ರೆ ಅದೂ ಬಾಧ್ಯತೆನೇ. ನಾನು ಓನರ್‌ಗೆ ಒಂದೇ ಪ್ರಶ್ನೆ ಕೇಳ್ತೀನಿ, ಈ ಸಲ ಕೊಡದಿದ್ರೆ ಆ ಸೂಪರ್‌ವೈಸರ್ ಮುಖ ನೋಡೋಕಾಗತ್ತಾ ಅಂತ. ಆಗಲ್ಲ ಅಂದ್ರೆ ಪ್ರಾವಿಷನ್ ಹಾಕಿ. ನಾಲ್ಕು ಜನಕ್ಕೆ 60,000, ಇದನ್ನ ಎಕ್ಸ್‌ಗ್ರೇಷಿಯಾ ಅಂತ ಬೇರೆ ಲೆಡ್ಜರ್‌ನಲ್ಲಿ ಇಡಿ, ಕಾನೂನಿನ ಬೋನಸ್ ಜೊತೆ ಕಲಸಬೇಡಿ. ಎರಡೂ ಸೇರಿ 2,94,400.

ರಜೆ ಲೆಕ್ಕ, ಮೊದಲು ದಿನ ಆಮೇಲೆ ರೂಪಾಯಿ

ರಜೆಯಲ್ಲಿ ಎಲ್ಲದಕ್ಕೂ ದುಡ್ಡು ಸಿಗಲ್ಲ. ಸಿಎಲ್ ಮತ್ತು ಸಿಕ್ ಲೀವ್ ಸಾಮಾನ್ಯವಾಗಿ ವರ್ಷದ ಕೊನೆಗೆ ಹೋಗಿಬಿಡತ್ತೆ, ದುಡ್ಡಾಗೋದು ಇಎಲ್ ಮಾತ್ರ, ಅಂದ್ರೆ ದುಡಿದು ಗಳಿಸಿದ ರಜೆ. ರಜೆ ರಿಜಿಸ್ಟರ್‌ನಲ್ಲಿ ಮೂರೂ ಒಂದೇ ಕಾಲಂನಲ್ಲಿ ಕೂಡಿಸಿಟ್ಟಿದ್ರೆ ಮೊದಲು ಬೇರೆ ಮಾಡಿಸಿ. ಈ ವರ್ಷಕ್ಕೆ ಅನ್ವಯ ಆಗೋ ಫ್ಯಾಕ್ಟರೀಸ್ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಮುಂದಿನ ವರ್ಷ ಪ್ರತಿ 20 ದಿನಕ್ಕೆ ಒಂದು ದಿನ ರಜೆ, ಕೆಲಸ ಬಿಟ್ಟಾಗ ಉಳಿದಿದ್ದಕ್ಕೆ ದುಡ್ಡು ಕೊಡಬೇಕು. ಅಂದ್ರೆ ಆ ರಜೆ ಇವತ್ತೋ ನಾಳೆನೋ ದುಡ್ಡಾಗೋದು ಖಚಿತ, ಅದಕ್ಕೇ ಪ್ರಾವಿಷನ್.

ನಮ್ಮ ಫರ್ಮ್‌ನ ನಿಯಮ 45 ದಿನದವರೆಗೆ ಮುಂದಕ್ಕೆ ಹೋಗತ್ತೆ ಅಂತ, ದಿನದ ರೇಟ್ ಬೇಸಿಕ್ ಡಿಎ ಭಾಗಿಸು 26. ಮೂರು ಜನರದ್ದು ನೋಡೋಣ. ಲೇಥ್ ಆಪರೇಟರ್ ಒಬ್ಬರು, ಸಂಬಳ 18,200, ದಿನಕ್ಕೆ 700, ಉಳಿದ ರಜೆ 22 ದಿನ, 15,400. ಸ್ಟೋರ್ಸ್ ನೋಡ್ಕೊಳ್ಳೋರು, ಸಂಬಳ 15,600, ದಿನಕ್ಕೆ 600, ರಿಜಿಸ್ಟರ್‌ನಲ್ಲಿ 52 ದಿನ ಇದೆ, ಆದ್ರೆ 45ಕ್ಕೆ ನಿಲ್ಲಿಸಬೇಕು, 27,000. ಸೂಪರ್‌ವೈಸರ್, 26,000, ದಿನಕ್ಕೆ 1,000, ಉಳಿದಿದ್ದು 9 ದಿನ, 9,000. ಬೋನಸ್‌ಗೆ ಇದ್ದ 21,000ದ ಗೆರೆ ಇಲ್ಲಿ ಇಲ್ಲ ಅನ್ನೋದು ಗಮನಿಸಿ, ಸೂಪರ್‌ವೈಸರ್ ರಜೆನೂ ಲೆಕ್ಕಕ್ಕೆ ಬರತ್ತೆ.

ಆ ಸ್ಟೋರ್ಸ್‌ನವರ 7 ದಿನ ಕತ್ತರಿಸೋ ಮುಂಚೆ ಒಂದು ವಿಚಾರಿಸಿ. ಅವರು ರಜೆ ಕೇಳಿ, ಕೆಲಸ ಜಾಸ್ತಿ ಇದೆ ಈಗ ಬೇಡ ಅಂತ ನೀವೇ ತಡೆದಿದ್ರೆ? ಫ್ಯಾಕ್ಟರೀಸ್ ಕಾಯ್ದೆ ಪ್ರಕಾರ ನಿಯಮದಂತೆ ಕೇಳಿಯೂ ಸಿಗದೆ ಹೋದ ರಜೆಗೆ ಮಿತಿ ಇಲ್ಲ, ಅದು ಪೂರ್ತಿ ಮುಂದಕ್ಕೆ ಹೋಗತ್ತೆ. ಹಾಗಾಗಿ ರಜೆ ಅರ್ಜಿಗಳ ಫೈಲ್ ಇಟ್ಕೊಳ್ಳಿ, ಬಾಯಲ್ಲಿ ಇಲ್ಲ ಅಂದು ಕಳಿಸಿದ್ರೆ ಆಮೇಲೆ ಯಾರ ಮಾತು ನಿಜ ಅಂತ ಹೇಳೋರು ಇರಲ್ಲ. ನಮ್ಮ ಕೇಸ್‌ನಲ್ಲಿ ಅವರು ಕೇಳೇ ಇರಲಿಲ್ಲ, ಹಾಗಾಗಿ 7 ದಿನ ಹೋಯ್ತು.

ರೇಟ್ ಯಾವುದು ತಗೋಬೇಕು ಅಂದ್ರೆ ಮಾರ್ಚ್ ತಿಂಗಳ ಸಂಬಳ, ರಜೆ ಯಾವ ವರ್ಷ ಗಳಿಸಿದ್ದೋ ಆ ವರ್ಷದ್ದಲ್ಲ. ಮೂರು ವರ್ಷದ ಹಿಂದೆ 500 ರೂಪಾಯಿ ದಿನಗೂಲಿ ಇದ್ದಾಗ ಉಳಿಸಿದ ರಜೆನೂ ಇವತ್ತು ಕೊಡೋದು ಇವತ್ತಿನ ರೇಟ್‌ಗೆ.

21 ಜನರದ್ದೂ ಹೀಗೆ ಸಾಲು ಸಾಲಾಗಿ ಹಾಕಿದಾಗ 327 ದಿನ, 2,45,000 ರೂಪಾಯಿ ಬಂತು. ಈಗ ನೇರ ಎಂಟ್ರಿಗೆ ಹೋಗಬೇಡಿ, ದಿನಗಳನ್ನ ಒಂದು ಸಲ ತಾಳೆ ಹಾಕಿ. ಹೋದ ವರ್ಷದ ಕೊನೆಗೆ 283 ದಿನ ಇತ್ತು, ಈ ವರ್ಷ ಸೇರಿದ್ದು 300, ತಗೊಂಡಿದ್ದು 233, ಬಿಟ್ಟು ಹೋದವನಿಗೆ ದುಡ್ಡು ಕೊಟ್ಟಿದ್ದು 16 ದಿನಕ್ಕೆ, ಮಿತಿ ಮೀರಿ ಹೋಗಿದ್ದು 7. 283ಕ್ಕೆ 300 ಕೂಡಿ ಉಳಿದಿದ್ದು ಕಳೆದ್ರೆ 327, ಸರಿ ಇದೆ. ಇದು ತಾಳೆ ಆಗದಿದ್ರೆ ಯಾರದ್ದೋ ರಜೆ ಎಂಟ್ರಿ ಬಿಟ್ಟು ಹೋಗಿದೆ ಅಂತಲೇ ಅರ್ಥ, ನನಗೆ ಹೆಚ್ಚಾಗಿ ಸಿಕ್ಕಿರೋದು ಹಬ್ಬದ ವಾರದಲ್ಲಿ ತಗೊಂಡ ರಜೆ, ಎಲ್ಲರೂ ಊರಿಗೆ ಹೋಗಿರ್ತಾರೆ, ರಿಜಿಸ್ಟರ್ ಬರೆಯೋರೂ ಹೋಗಿರ್ತಾರೆ.

ಇಂಥ ಸರಳ ಲೆಕ್ಕ ಎಲ್ಲರಿಗೂ ನಡೆಯಲ್ಲ. ಸ್ಟ್ಯಾಂಡರ್ಡ್ 15ರಲ್ಲಿ ಸಣ್ಣ ಸಂಸ್ಥೆಗಳಿಗೆ, ವರ್ಷದ ಸರಾಸರಿ 50ಕ್ಕಿಂತ ಕಡಿಮೆ ಜನ ಇದ್ರೆ, ಎಲ್ಲರಿಗೂ ಮಾರ್ಚ್ 31ಕ್ಕೇ ಕೊಟ್ಟುಬಿಟ್ರೆ ಎಷ್ಟಾಗತ್ತೆ ಅನ್ನೋ ರೀತೀಲಿ ಲೆಕ್ಕ ಹಾಕೋಕೆ ಅವಕಾಶ ಇದೆ. ಅದಕ್ಕಿಂತ ದೊಡ್ಡವರು ಆಕ್ಚುಯರಿ ಹತ್ರ ಸರ್ಟಿಫಿಕೇಟ್ ತರಬೇಕು, ಅವರು ಮುಂದಿನ ಇಂಕ್ರಿಮೆಂಟ್, ಎಷ್ಟು ಜನ ಬಿಟ್ಟು ಹೋಗಬಹುದು, ಬಡ್ಡಿ ದರ ಎಲ್ಲ ಹಾಕಿ ಅಂಕಿ ಕೊಡ್ತಾರೆ. ಅವರಿಗೂ ನೀವು ಕಳಿಸೋದು ಇದೇ ದಿನಗಳ ಪಟ್ಟಿನೇ, ಪಟ್ಟಿ ತಪ್ಪಿದ್ರೆ ಅವರ ಸರ್ಟಿಫಿಕೇಟೂ ತಪ್ಪು.

ಎಂಟ್ರಿ ಹಾಕೋದು

ಟ್ಯಾಲಿಯಲ್ಲಿ `F7` ಒತ್ತಿ `Journal`. ಪ್ರಾವಿಷನ್ ಲೆಡ್ಜರ್‌ಗಳನ್ನ `Provisions` ಗ್ರೂಪ್ ಕೆಳಗೆ ತೆಗೆಯಿರಿ. ಖರ್ಚಿನ ಲೆಡ್ಜರ್ ಬೇರೆ, ಬೋನಸ್‌ಗೊಂದು, ಎಕ್ಸ್‌ಗ್ರೇಷಿಯಾಗೊಂದು, ರಜೆಗೊಂದು. `Reversing Journal` ಅಂತ ಇನ್ನೊಂದು ಇದೆ, ಹೆಸರು ನೋಡಿ ಅದನ್ನ ಬಳಸಬೇಡಿ, ಅದು ಮಾಮೂಲಿ ಬ್ಯಾಲೆನ್ಸ್ ಶೀಟ್‌ಗೆ ಬರೋದೇ ಇಲ್ಲ.

ಬೋನಸ್‌ದು ಸುಲಭ, ಬೋನಸ್ ಖರ್ಚು ಡೆಬಿಟ್ 2,34,400, ಎಕ್ಸ್‌ಗ್ರೇಷಿಯಾ ಖರ್ಚು ಡೆಬಿಟ್ 60,000, ಎದುರಿಗೆ ಅವೆರಡರ ಪ್ರಾವಿಷನ್ ಕ್ರೆಡಿಟ್, ತಾರೀಖು 31-3-2025. ಹಾಕೋ ಮುಂಚೆ ಬೋನಸ್ ಪ್ರಾವಿಷನ್ ಲೆಡ್ಜರ್ ತೆಗೆದು ಹಿಂದಿನ ವರ್ಷದ ಬಾಕಿ ಸೊನ್ನೆ ಆಗಿದೆಯಾ ನೋಡಿ. ಏನಾದ್ರೂ ಉಳಿದಿದ್ರೆ ಎರಡೇ ಕಾರಣ ಇರತ್ತೆ, ಯಾರೋ ಬಂದು ಬೋನಸ್ ತಗೊಂಡಿಲ್ಲ, ಅಥವಾ ಕೊಟ್ಟಿದ್ದನ್ನ ಪ್ರಾವಿಷನ್‌ಗೆ ಹಾಕದೆ ಮತ್ತೆ ಖರ್ಚಿಗೆ ಹಾಕಿದ್ದಾರೆ. ಎರಡನೇದಾದ್ರೆ ಒಂದೇ ಬೋನಸ್ ಎರಡು ಸಲ ಖರ್ಚಾಗಿದೆ.

ರಜೆಯದ್ದು ಹಾಗಲ್ಲ, ಇಲ್ಲಿ ಹಾಕಬೇಕಾಗಿದ್ದು ವ್ಯತ್ಯಾಸ ಮಾತ್ರ. ಹೋದ ವರ್ಷದ ಬಾಕಿ 1,98,000 ಇತ್ತು. ಜೂನ್‌ನಲ್ಲಿ ಹೋದವನಿಗೆ 12,000 ಕೊಟ್ಟಾಗ ಅದನ್ನ ಪ್ರಾವಿಷನ್ ಲೆಡ್ಜರ್‌ಗೇ ಡೆಬಿಟ್ ಮಾಡಿದ್ವಿ, ಉಳಿದಿದ್ದು 1,86,000. ಬೇಕಾಗಿರೋದು 2,45,000. ಹಾಗಾಗಿ ಎಂಟ್ರಿ 59,000.

```
ಬೇಕಾದ ಬಾಕಿ           2,45,000
ಹೋದ ವರ್ಷದ ಬಾಕಿ       1,98,000
ಕೊಟ್ಟಿದ್ದು ಕಳೆದು        -12,000
ಲೆಡ್ಜರ್‌ನಲ್ಲಿ ಈಗ       1,86,000
ಈ ವರ್ಷದ ಖರ್ಚು          59,000
```

ಒಂದು ಫರ್ಮ್‌ನ ಲೆಕ್ಕ ನನ್ನ ಕೈಗೆ ಬಂದಾಗ ಮೂರು ವರ್ಷದಿಂದ ಪೂರ್ತಿ ಮೊತ್ತನೇ ಪ್ರತಿ ವರ್ಷ ಖರ್ಚು ಹಾಕ್ಕೊಂಡು ಬಂದಿದ್ರು, ಲೆಡ್ಜರ್ ಬಾಕಿ ನಿಜವಾದ ರಜೆಯ ಮೂರು ಪಟ್ಟು ನಿಂತಿತ್ತು, ಯಾರೂ ನೋಡಿರಲಿಲ್ಲ ಯಾಕಂದ್ರೆ ಖರ್ಚಿನ ಅಂಕಿ ಪ್ರತಿ ವರ್ಷ ಹತ್ತಿರ ಹತ್ತಿರ ಒಂದೇ ಥರ ಕಾಣ್ತಿತ್ತು. ಹಾಗಾಗಿ ನೋಡಬೇಕಾಗಿದ್ದು ಖರ್ಚನ್ನಲ್ಲ, ಬಾಕಿಯನ್ನ. ಬ್ಯಾಲೆನ್ಸ್ ಶೀಟ್‌ನ ಅಂಕಿ ಮತ್ತು ನಿಮ್ಮ ಪಟ್ಟಿಯ ಕೊನೇ ಸಾಲಿನ ಮೊತ್ತ ರೂಪಾಯಿಗೆ ರೂಪಾಯಿ ಒಂದೇ ಇರಬೇಕು.

59,000 ಯಾಕೆ ಬಂತು ಅಂತ ಆಡಿಟರ್ ಕೇಳೇ ಕೇಳ್ತಾರೆ. ದಿನಗಳು 283ರಿಂದ 327ಕ್ಕೆ ಹೋಗಿದ್ದು 44 ದಿನ, ಈಗಿನ ಸರಾಸರಿ ರೇಟ್ 749, ಅದು ಸುಮಾರು 33,000. ಹಳೇ 283 ದಿನದ ಸರಾಸರಿ ರೇಟ್ 700ರಿಂದ 749ಕ್ಕೆ ಏರಿದ್ದು, ಅದು ಸುಮಾರು 14,000. ಉಳಿದ 12,000 ಕೊಟ್ಟು ಖಾಲಿಯಾದ ಜಾಗ ತುಂಬಿದ್ದು. ಈ ಮೂರು ಸಾಲು ಪಟ್ಟಿಯ ಕೆಳಗೇ ಬರೆದಿಟ್ರೆ ಸೆಪ್ಟೆಂಬರ್‌ನಲ್ಲಿ ಫೋನ್ ಬಂದಾಗ ತಲೆ ಕೆರ್ಕೊಳ್ಳೋ ಕೆಲಸ ಇಲ್ಲ.

ಪ್ರಾವಿಷನ್ ಹಾಕಿದಾಗ ಟಿಡಿಎಸ್ ಹಿಡಿಯೋ ಪ್ರಶ್ನೆ ಇಲ್ಲ, ಸಂಬಳಕ್ಕೆ ಟಿಡಿಎಸ್ ಕೊಡುವಾಗ ಮಾತ್ರ. ಪಿಎಫ್ ಕೂಡ ರಜೆ ದುಡ್ಡಿನ ಮೇಲೆ ಬರಲ್ಲ, ಇದು ತೀರ್ಮಾನ ಆಗಿದ್ದು ನಮ್ಮ ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಷನ್ ಕೇಸ್‌ನಲ್ಲಿ, 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಕೆಲವರು ಈಗಲೂ ಪ್ರಾವಿಷನ್ ಮೇಲೆ 12 ಪರ್ಸೆಂಟ್ ಪಿಎಫ್ ಬೇರೆ ಸೇರಿಸ್ತಾರೆ, ಬೇಕಿಲ್ಲ.

ದುಡ್ಡು ಕೊಡೋ ತಾರೀಖು, ಇಲ್ಲಿ ಹುಷಾರು

ಪುಸ್ತಕದಲ್ಲಿ ಖರ್ಚು ಹಾಕಿದ್ದು ಸರಿ, ಆದ್ರೆ ಇನ್‌ಕಮ್ ಟ್ಯಾಕ್ಸ್ ಅದನ್ನ ಒಪ್ಪಬೇಕಾದ್ರೆ ದುಡ್ಡು ನಿಜವಾಗಲೂ ಹೋಗಿರಬೇಕು. 1961ರ ಕಾಯ್ದೆಯ ಸೆಕ್ಷನ್ 43ಬಿ ಹೇಳೋದು ಅದೇ, ಬೋನಸ್ ಮತ್ತು ರಜೆ ದುಡ್ಡನ್ನ ರಿಟರ್ನ್ ಹಾಕೋ ಕೊನೇ ತಾರೀಖಿನ ಒಳಗೆ ಕೊಟ್ಟಿದ್ರೆ ಮಾತ್ರ ಆ ವರ್ಷದ ಖರ್ಚು, ಇಲ್ಲಾಂದ್ರೆ ಕೊಟ್ಟ ವರ್ಷಕ್ಕೆ.

ರಜೆ ವಿಷಯದಲ್ಲಿ ಇದರ ಹಿಂದೆ ಒಂದು ಬೆಂಗಳೂರಿನ ಕಥೆ ಇದೆ. ಬಿಇಎಂಎಲ್, ಆಗಿನ ಭಾರತ್ ಅರ್ಥ್ ಮೂವರ್ಸ್, ರಜೆ ಪ್ರಾವಿಷನ್ ಖರ್ಚು ಅಂತ ತೋರಿಸಿದಾಗ ಇಲಾಖೆ ಒಪ್ಪಲಿಲ್ಲ, ಇನ್ನೂ ಕೊಟ್ಟಿಲ್ಲ, ಕೊಡಬೇಕಾಗತ್ತೋ ಇಲ್ವೋ ಗೊತ್ತಿಲ್ಲ ಅನ್ನೋ ವಾದ. 2000ದಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಡ್ತು, ಬಾಧ್ಯತೆ ಈಗಲೇ ಹುಟ್ಟಿದೆ, ತೀರಿಸೋದು ಮುಂದೆ ಅಷ್ಟೇ ಅಂತ. ಸರ್ಕಾರ ಸುಮ್ಮನಿರಲಿಲ್ಲ, 2001ರ ಫೈನಾನ್ಸ್ ಆಕ್ಟ್‌ನಲ್ಲಿ 43ಬಿಗೆ ರಜೆ ದುಡ್ಡನ್ನೂ ಸೇರಿಸಿಬಿಡ್ತು. ಅದನ್ನ ಕೋಲ್ಕತ್ತಾ ಹೈಕೋರ್ಟ್ ಎಕ್ಸೈಡ್ ಕೇಸ್‌ನಲ್ಲಿ ರದ್ದು ಮಾಡಿದ್ರೂ 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡೀತು. ಹಾಗಾಗಿ ಹಳೇ ಬಿಇಎಂಎಲ್ ತೀರ್ಪು ಹಿಡ್ಕೊಂಡು ಪೂರ್ತಿ ಪ್ರಾವಿಷನ್ ಕ್ಲೇಮ್ ಮಾಡೋಣ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಆದ್ರೆ ಪುಸ್ತಕದಲ್ಲಿ ಯಾಕೆ ಪ್ರಾವಿಷನ್ ಹಾಕಬೇಕು ಅನ್ನೋದಕ್ಕೆ ಆ ತೀರ್ಪಿನ ತರ್ಕ ಇವತ್ತಿಗೂ ಸರಿ.

ನಮ್ಮ ಫರ್ಮ್‌ಗೆ ಇದು ಹೀಗೆ ಕೂರತ್ತೆ. ರಜೆಯ 59,000 ಲಾಭಕ್ಕೆ ವಾಪಸ್ ಸೇರಿಸಿ, ಈ ವರ್ಷ ನಿಜವಾಗಿ ಕೊಟ್ಟ 12,000 ಕಳೆಯಿರಿ, ಯಾಕಂದ್ರೆ ಅದು ಹಿಂದೆ ಹಾಕಿದಾಗ ಒಪ್ಪಿರಲಿಲ್ಲ, ಈಗ ಕೊಟ್ಟಿದ್ದಕ್ಕೆ ಸಿಗತ್ತೆ. ಈ 12,000 ಮರೆಯೋರು ತುಂಬಾ ಜನ, ಸೇರಿಸೋದು ನೆನಪಿರತ್ತೆ ಕಳೆಯೋದು ಬಿಟ್ಟುಹೋಗತ್ತೆ, ಅದಕ್ಕೆ ವರ್ಷವಾರು ಒಂದು ಚೀಟಿ ಇಟ್ಕೊಳ್ಳಿ. ಫಾರ್ಮ್ 3ಸಿಡಿಯ 26ನೇ ಕ್ಲಾಸ್‌ನಲ್ಲೂ ಇದೇ ವಿವರ ಕೇಳೋದು.

ಬೋನಸ್‌ನಲ್ಲಿ ಸಿಕ್ಕಿ ಹಾಕ್ಕೊಳ್ಳೋದು ಎರಡು ಕಾನೂನಿನ ಎರಡು ತಾರೀಖಿನಿಂದ. ಬೋನಸ್ ಕಾಯ್ದೆ ವರ್ಷ ಮುಗಿದು ಎಂಟು ತಿಂಗಳು ಕೊಡತ್ತೆ, ಅಂದ್ರೆ ನವೆಂಬರ್ 30. ಟ್ಯಾಕ್ಸ್ ಆಡಿಟ್ ಇರೋ ಫರ್ಮ್‌ಗೆ ರಿಟರ್ನ್ ತಾರೀಖು ಅಕ್ಟೋಬರ್ 31, ಆಡಿಟ್ ಇಲ್ಲದವರಿಗೆ ಇನ್ನೂ ಮೊದಲು. ದೀಪಾವಳಿ ಅಕ್ಟೋಬರ್‌ನಲ್ಲಿ ಬಂದ ವರ್ಷ ಎರಡೂ ಹೊಂದ್ಕೊಂಡು ಹೋಗತ್ತೆ, ಯಾರಿಗೂ ಗೊತ್ತೇ ಆಗಲ್ಲ. 2023ರಲ್ಲಿ ದೀಪಾವಳಿ ನವೆಂಬರ್ 12ಕ್ಕೆ ಬಂತು. ನಾನು ನೋಡ್ಕೊಳ್ಳೋ ಒಂದು ಫರ್ಮ್ ಎಂದಿನಂತೆ ಹಬ್ಬದ ಮುಂಚಿನ ದಿನ ಬೋನಸ್ ಹಂಚಿತು, ಲೇಬರ್ ಕಾನೂನಿನ ಪ್ರಕಾರ ಎಲ್ಲ ಸರಿ, ಟ್ಯಾಕ್ಸ್ ಲೆಕ್ಕದಲ್ಲಿ ಪೂರ್ತಿ ಬೋನಸ್ ಹೋಯ್ತು. ನಾನೇ ಮೊದಲೇ ಹೇಳಬೇಕಿತ್ತು, ಕ್ಯಾಲೆಂಡರ್ ನೋಡಿರಲಿಲ್ಲ, ಆ ವರ್ಷದಿಂದ ಏಪ್ರಿಲ್‌ನಲ್ಲೇ ಹಬ್ಬದ ತಾರೀಖು ಬರೆದಿಡ್ತೀನಿ.

ಎಷ್ಟು ಪೆಟ್ಟು ಅಂತ ನಮ್ಮ ಉದಾಹರಣೆಯ ಅಂಕಿಯಲ್ಲೇ ನೋಡಿ. 2,94,400 ಒಪ್ಪದೆ ಹೋದ್ರೆ ಫರ್ಮ್‌ಗೆ 30 ಪರ್ಸೆಂಟ್ ಮತ್ತು ಸೆಸ್ ಸೇರಿ 31.2, ಸುಮಾರು 91,850 ರೂಪಾಯಿ ಆ ವರ್ಷ ಜಾಸ್ತಿ ಕಟ್ಟಬೇಕು. ಮುಂದಿನ ವರ್ಷ ಖರ್ಚು ಸಿಗತ್ತೆ ನಿಜ, ಆದ್ರೆ ಅಲ್ಲಿವರೆಗೆ ಅಷ್ಟು ದುಡ್ಡು ಕೈಬಿಟ್ಟಿರತ್ತೆ, ಅಡ್ವಾನ್ಸ್ ಟ್ಯಾಕ್ಸ್ ಕಡಿಮೆ ಕಟ್ಟಿದ್ದೀರಿ ಅಂತ ಬಡ್ಡಿನೂ ಬರಬಹುದು. ಇದಕ್ಕೆ ಪರಿಹಾರ ಸುಲಭ, ದೀಪಾವಳಿ ನವೆಂಬರ್‌ಗೆ ಹೋದ ವರ್ಷ ಆಯುಧ ಪೂಜೆಗೇ ಕೊಟ್ಟುಬಿಡಿ. 2023ರಲ್ಲಿ ಆಯುಧ ಪೂಜೆ ಅಕ್ಟೋಬರ್ 23ಕ್ಕೆ ಇತ್ತು, ಸಾಕಷ್ಟು ಸಮಯ. 2026ರಲ್ಲೂ ದೀಪಾವಳಿ ನವೆಂಬರ್ 8ಕ್ಕೆ ಬರ್ತಿದೆ, ಹಾಗಾಗಿ 2026 ಮಾರ್ಚ್‌ಗೆ ಮುಗಿದ ವರ್ಷದ ಬೋನಸ್ ಬಗ್ಗೆ ಓನರ್ ಹತ್ರ ಈಗಲೇ ಮಾತಾಡಿ. ಕೆಲಸಗಾರರೂ ಬೇಡ ಅನ್ನಲ್ಲ, ಮೆಷಿನ್‌ಗೆ ಕುಂಕುಮ ಇಟ್ಟ ದಿನವೇ ಕೈಗೆ ದುಡ್ಡು ಬಂದ್ರೆ ಖುಷಿನೇ. ಬ್ಯಾಂಕ್‌ನಲ್ಲೇ ಹಾಕಿ, ಆ ಸ್ಟೇಟ್‌ಮೆಂಟ್ ಬೋನಸ್ ರಿಜಿಸ್ಟರ್ ಜೊತೆ ಇಡಿ.

ಕೊಡುವಾಗ ಪ್ರಾವಿಷನ್ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಪ್ರಾವಿಷನ್ 2,34,400 ಇದ್ದು ಕೊಟ್ಟಿದ್ದು 2,36,000 ಆದ್ರೆ ಹೆಚ್ಚಾದ 1,600 ಕೊಟ್ಟ ವರ್ಷದ ಖರ್ಚು, ಹಿಂದಿನ ವರ್ಷದ ಪುಸ್ತಕ ತೆಗೆದು ತಿದ್ದೋಕೆ ಹೋಗಬೇಡಿ, ಅಂದಾಜು ಸ್ವಲ್ಪ ಆಚೀಚೆ ಆಗೋದು ತಪ್ಪಲ್ಲ. ಬಿಟ್ಟು ಹೋದ ಹುಡುಗ ಬೋನಸ್ ತಗೊಳ್ಳೋಕೆ ಬರದಿದ್ರೆ ಅವನ 3,499 ಪ್ರಾವಿಷನ್‌ನಲ್ಲೇ ಇರಲಿ, ಆದಾಯಕ್ಕೆ ತಗೋಬೇಡಿ, ಅದು ಅವನ ದುಡ್ಡು. ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿ.

ಅಲೋವೆನ್ಸ್ ಇರೋರಿಗೆ, 2026 ಮಾರ್ಚ್‌ನಿಂದ

2025 ನವೆಂಬರ್ 21ರಿಂದ ನಾಲ್ಕು ಲೇಬರ್ ಕೋಡ್‌ಗಳು ಜಾರಿಗೆ ಬಂದಿವೆ. ಬೋನಸ್ ಈಗ ವೇತನ ಸಂಹಿತೆ ಒಳಗೆ, 8.33 ಮತ್ತು 20 ಪರ್ಸೆಂಟ್ ಹಾಗೇ ಇದೆ, ಎಂಟು ತಿಂಗಳ ಗಡುವೂ ಹಾಗೇ ಇದೆ, ಅರ್ಹತೆಯ ಸಂಬಳದ ಮಿತಿ ಮಾತ್ರ ಸರ್ಕಾರದ ನೋಟಿಫಿಕೇಷನ್ ನೋಡಿ ತಗೋಬೇಕು. ನಿಜವಾಗಿ ಅಂಕಿ ಬದಲಾಗೋದು ವೇತನ ಅನ್ನೋ ಪದದ ಅರ್ಥದಿಂದ. ಎಚ್‌ಆರ್‌ಎ, ಕನ್ವೇಯನ್ಸ್ ಥರದ ಬಿಟ್ಟುಬಿಡಬಹುದಾದ ಭಾಗಗಳು ಒಟ್ಟು ಸಂಬಳದ ಅರ್ಧ ಮೀರಿದ್ರೆ ಮೀರಿದ್ದು ವೇತನಕ್ಕೆ ಸೇರತ್ತೆ. ಒಟ್ಟು 40,000, ಬೇಸಿಕ್ 16,000, ಅಲೋವೆನ್ಸ್ 24,000 ಇದ್ದವರದ್ದು ನೋಡಿ, ಅರ್ಧ 20,000, ಮೀರಿದ್ದು 4,000, ಹಾಗಾಗಿ ವೇತನ 20,000. ರಜೆಯ ದಿನದ ರೇಟ್ 615 ಇದ್ದದ್ದು 769 ಆಗತ್ತೆ.

ಇದು ಹೊಸದಾಗಿ ಗಳಿಸೋ ರಜೆಗೆ ಮಾತ್ರ ಅಂದ್ಕೊಂಡು ಹಳೇ ದಿನಗಳನ್ನ ಹಳೇ ರೇಟ್‌ನಲ್ಲೇ ಬಿಟ್ಟರೆ ತಪ್ಪಾಗತ್ತೆ, ಮುಂದೆ ಕೊಡೋದು ಎಲ್ಲ ದಿನಕ್ಕೂ ಹೊಸ ರೇಟ್‌ನಲ್ಲೇ ತಾನೆ. 2026 ಮಾರ್ಚ್ 31ರ ಪಟ್ಟಿಯಲ್ಲಿ ಒಂದು ಕಾಲಂ ಜಾಸ್ತಿ ಮಾಡಿ, ಹಳೇ ರೇಟ್ ಒಂದು ಕಡೆ ಹೊಸ ರೇಟ್ ಇನ್ನೊಂದು ಕಡೆ, ಎರಡರ ವ್ಯತ್ಯಾಸದ ಮೊತ್ತ ಕೆಳಗೆ ಪ್ರತ್ಯೇಕವಾಗಿ ಬರಲಿ. ಆ ವರ್ಷ ರಜೆ ಖರ್ಚು ಇದ್ದಕ್ಕಿದ್ದಂತೆ ಏರಿದಾಗ ಓನರ್ ಮೊದಲು ಕೇಳೋದೇ ಆ ಅಂಕಿ.